ಹೂದೋಟದ ಸುತ್ತಲಿನ ದಾರಿ ಎಷ್ಟು ಅಗಲ? ವರ್ಗ ಸಮೀಕರಣದಿಂದ ಲೆಕ್ಕ ಹಾಕುವ ಬಗೆ

ಹತ್ತನೇ ತರಗತಿಯಲ್ಲಿ ವರ್ಗ ಸಮೀಕರಣದ ಪಾಠ ಶುರುವಾಯಿತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಮಕ್ಕಳು ಕೇಳುತ್ತಾರೆ, ಮಕ್ಕಳಿಗೆ ಹೇಳಿಕೊಡಲು ಕೂತ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಮನೆ ಮುಂದಿನ ತೋಟದ ಸುತ್ತ ಟೈಲ್ಸ್ ಹಾಕಿಸುವವರು ಕೇಳುವುದೂ ಉಂಟು. ಕೇಳುವ ಮಾತು ಮಾತ್ರ ಹೆಚ್ಚುಕಡಿಮೆ ಒಂದೇ: "ದಾರಿಯ ಅಗಲ x ಅಂತ ಇಟ್ಟುಕೊಂಡ ಮೇಲೆ 2x ಎಲ್ಲಿಂದ ಬಂತು? ಕೊನೆಗೆ ಎರಡು ಉತ್ತರ ಯಾಕೆ ಬರುತ್ತದೆ? ಒಂದನ್ನು ಬಿಡಬೇಕು ಅಂತಾರಲ್ಲ, ಯಾವುದನ್ನು?"

ಮೂರಕ್ಕೂ ಉತ್ತರ ಚಿತ್ರದಲ್ಲೇ ಇದೆ. ಒಂದು ಲೆಕ್ಕ ತೆಗೆದುಕೊಂಡು ಮೊದಲಿಂದ ಕೊನೆಯವರೆಗೆ ಮಾಡೋಣ.

ಲೆಕ್ಕ ಇದು: ಆಯತಾಕಾರದ ಒಂದು ಹೂದೋಟ 16 ಮೀಟರ್ ಉದ್ದ, 10 ಮೀಟರ್ ಅಗಲ ಇದೆ. ಅದರ ಹೊರಗೆ, ನಾಲ್ಕೂ ಕಡೆ ಒಂದೇ ಅಗಲದ ದಾರಿ ಇದೆ. ತೋಟ ಮತ್ತು ದಾರಿ ಸೇರಿ ಒಟ್ಟು ವಿಸ್ತೀರ್ಣ 280 ಚದರ ಮೀಟರ್. ದಾರಿಯ ಅಗಲ ಎಷ್ಟು?

ಬೇಕಾಗಿರುವುದು ಒಂದು ಹಾಳೆ, ಒಂದು ಪೆನ್ಸಿಲ್. ಎರಡು ಆವರಣಗಳನ್ನು ಗುಣಿಸಿ ಬಿಡಿಸಲು ಬಂದರೆ ಸಾಕು. ಕೊನೆಯ ಉದಾಹರಣೆಗೆ ಮಾತ್ರ ವರ್ಗಮೂಲ ನೋಡಲು ಫೋನಿನ ಕ್ಯಾಲ್ಕುಲೇಟರ್ ಇಟ್ಟುಕೊಳ್ಳಿ.

1. ಕೊಟ್ಟಿರುವುದು ಯಾವುದರ ವಿಸ್ತೀರ್ಣ ಅಂತ ನೋಡಿ

ಪೆನ್ಸಿಲ್ ಹಿಡಿಯುವ ಮೊದಲು ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ಇಲ್ಲಿ "ತೋಟ ಮತ್ತು ದಾರಿ ಸೇರಿ" ಎಂದಿದೆ. ಹಾಗಾಗಿ 280 ಅನ್ನುವುದು ಹೊರಗಿನ ದೊಡ್ಡ ಆಯತದ ವಿಸ್ತೀರ್ಣ. ಕೆಲವು ಪ್ರಶ್ನೆಗಳಲ್ಲಿ "ದಾರಿಯ ವಿಸ್ತೀರ್ಣ 120 ಚದರ ಮೀಟರ್" ಎಂದು ಕೊಟ್ಟಿರುತ್ತಾರೆ. ಹಾಗೆ ಕೊಟ್ಟರೂ ಇದೇ ಲೆಕ್ಕ. ತೋಟದ ವಿಸ್ತೀರ್ಣ 16 × 10 = 160. ಅದಕ್ಕೆ 120 ಕೂಡಿಸಿದರೆ 280 ಬಂತಲ್ಲ.

ಕೂಡಿಸದೆ 120 ಅನ್ನೇ ಒಟ್ಟು ಅಂದುಕೊಂಡು ಮುಂದೆ ಹೋದರೆ ಲೆಕ್ಕ ಕೆಡುತ್ತದೆ. ಕೆಟ್ಟಿದ್ದನ್ನು ಪತ್ತೆ ಹಚ್ಚುವುದು ಸುಲಭ: ತೋಟವೇ 160 ಇರುವಾಗ ದಾರಿ ಸೇರಿಸಿದ ಮೇಲೆ 120 ಆಗಲು ಸಾಧ್ಯವೇ ಇಲ್ಲ. ಹಾಗೆ ಸಮೀಕರಣ ಬರೆದರೆ ಎರಡೂ ಉತ್ತರ ಮೈನಸ್ಸಿನಲ್ಲೇ ಬರುತ್ತವೆ. ಎರಡೂ ಮೈನಸ್ ಬಂದರೆ ಸೀದಾ ಈ ಮೊದಲ ಹಂತಕ್ಕೆ ವಾಪಸ್ ಬನ್ನಿ.

2. ಚಿತ್ರ ಬರೆಯಿರಿ, ಹೊರಗಿನ ಅಳತೆ ಗುರುತಿಸಿ

ಹಾಳೆಯ ಮಧ್ಯೆ ಒಂದು ಆಯತ ಬರೆದು ಉದ್ದಕ್ಕೆ 16, ಅಗಲಕ್ಕೆ 10 ಎಂದು ಬರೆಯಿರಿ. ಅದರ ಸುತ್ತ, ಫೋಟೋಗೆ ಚೌಕಟ್ಟು ಹಾಕಿದ ಹಾಗೆ, ಇನ್ನೊಂದು ಆಯತ ಬರೆಯಿರಿ. ಎರಡರ ನಡುವಿನ ಜಾಗವೇ ದಾರಿ. ಅದರ ಅಗಲ ಗೊತ್ತಿಲ್ಲ, x ಮೀಟರ್ ಅನ್ನೋಣ.

ಈಗ ಹೊರಗಿನ ಆಯತದ ಉದ್ದವನ್ನು ಎಡದಿಂದ ಬಲಕ್ಕೆ ಬೆರಳಿಟ್ಟು ಅಳೆಯಿರಿ. ಮೊದಲು ಎಡಗಡೆಯ ದಾರಿ ದಾಟಬೇಕು, ಅದು x. ಆಮೇಲೆ ತೋಟ, 16. ಆಮೇಲೆ ಬಲಗಡೆಯ ದಾರಿ, ಮತ್ತೆ x. ಒಟ್ಟು 16 + 2x. ಮೇಲಿಂದ ಕೆಳಕ್ಕೂ ಹಾಗೆಯೇ, 10 + 2x. ದಾರಿ ಒಂದೇ ಆದರೂ ಒಂದೊಂದು ದಿಕ್ಕಿನಲ್ಲೂ ಅದನ್ನು ಎರಡು ಸಲ ದಾಟುತ್ತೇವೆ. 2x ಬಂದಿದ್ದು ಅಲ್ಲಿಂದ.

ಅತಿ ಹೆಚ್ಚು ಜನ ಎಡವುವುದು ಇಲ್ಲೇ. 16 + x, 10 + x ಎಂದು ಬರೆದುಬಿಡುತ್ತಾರೆ. ಈ ತಪ್ಪು ತಪ್ಪಿನ ಹಾಗೆ ಕಾಣುವುದೇ ಇಲ್ಲ ಅನ್ನುವುದು ದೊಡ್ಡ ತೊಂದರೆ. ಬೇಕಾದರೆ ಮಾಡಿ ನೋಡಿ: (16 + x)(10 + x) = 280 ಬಿಡಿಸಿದರೆ x² + 26x − 120 = 0 ಬರುತ್ತದೆ, x = 4 ಎಂದು ಚೊಕ್ಕವಾದ ಪೂರ್ಣಸಂಖ್ಯೆಯೇ ಸಿಗುತ್ತದೆ. ಆ ತಪ್ಪು ಸಮೀಕರಣದಲ್ಲೇ 4 ಹಾಕಿ ತಾಳೆ ನೋಡಿದರೂ 20 × 14 = 280 ಸರಿಯಾಗಿಯೇ ಬರುತ್ತದೆ. ಆದರೆ ಅದು ದಾರಿಯ ಅಗಲವಲ್ಲ, ಎರಡೂ ಕಡೆಯ ದಾರಿ ಸೇರಿದ ಅಗಲ. ನಿಜವಾದ ಉತ್ತರದ ಎರಡರಷ್ಟು. ಉತ್ತರ ಪೂರ್ಣಸಂಖ್ಯೆ ಬಂತು ಅಂದರೆ ಸರಿ ಎಂದು ನಂಬುವವರಿಗೆ ಈ ಲೆಕ್ಕ ಚೆನ್ನಾಗಿಯೇ ಕೈಕೊಡುತ್ತದೆ.

3. ಬಿಡಿಸುವ ಮೊದಲೇ ಒಂದು ಅಂದಾಜು ಮಾಡಿ

ಇದು ಪರೀಕ್ಷೆಯಲ್ಲಿ ಬರೆಯಬೇಕಾದ ಹಂತವಲ್ಲ. ಹಾಳೆಯ ಮೂಲೆಯಲ್ಲಿ ಮಾಡಿಕೊಂಡರೆ ಸಾಕು. ಆದರೆ ನನ್ನ ಪ್ರಕಾರ ಇದನ್ನು ಬಿಡಲೇಬಾರದು.

ದಾರಿಯ ವಿಸ್ತೀರ್ಣ 280 − 160 = 120. ತೋಟದ ಸುತ್ತಳತೆ 2 × (16 + 10) = 52. ದಾರಿಯನ್ನು 52 ಮೀಟರ್ ಉದ್ದದ ಒಂದು ಪಟ್ಟಿ ಅಂದುಕೊಂಡರೆ ಅದರ ಅಗಲ 120 ÷ 52, ಅಂದರೆ ಸುಮಾರು 2.3 ಮೀಟರ್. ನಿಜವಾದ ಉತ್ತರ ಇದಕ್ಕಿಂತ ಸ್ವಲ್ಪ ಕಡಿಮೆಯೇ ಇರಬೇಕು. ಯಾಕೆ ಅಂದರೆ ಈ ಪಟ್ಟಿಯ ಲೆಕ್ಕದಲ್ಲಿ ನಾಲ್ಕು ಮೂಲೆಗಳು ಬಿಟ್ಟುಹೋಗಿವೆ. ಮೂಲೆಗಳಿಗೂ ಜಾಗ ಹೋಗುತ್ತದೆ, ಹಾಗಾಗಿ ಪಟ್ಟಿ ಇನ್ನೂ ಸಣ್ಣದಾಗಬೇಕು.

ಚಿತ್ರದಲ್ಲಿ ಆ ಮೂಲೆಗಳನ್ನು ಸರಿಯಾಗಿ ನೋಡಿ. ತೋಟದ ನಾಲ್ಕು ಬದಿಗಳನ್ನು ಹೊರಗಿನ ಗೆರೆ ಮುಟ್ಟುವವರೆಗೆ ಪೆನ್ಸಿಲ್ಲಿನಿಂದ ಚುಕ್ಕಿಗೆರೆಯಲ್ಲಿ ಮುಂದುವರಿಸಿ. ದಾರಿ ಎಂಟು ತುಂಡಾಗುತ್ತದೆ. ನಾಲ್ಕು ಉದ್ದನೆಯ ಪಟ್ಟಿಗಳು, ನಾಲ್ಕು ಮೂಲೆ ಚೌಕಗಳು. ಪ್ರತಿ ಚೌಕವೂ x ಉದ್ದ, x ಅಗಲ, ಅಂದರೆ x² ವಿಸ್ತೀರ್ಣ. ಪಟ್ಟಿಗಳೆಲ್ಲ ಸೇರಿ 52x, ಮೂಲೆಗಳೆಲ್ಲ ಸೇರಿ 4x². ಈ ಲೆಕ್ಕ ವರ್ಗ ಸಮೀಕರಣ ಆಗುವುದೇ ಈ ನಾಲ್ಕು ಮೂಲೆಗಳಿಂದ. ಮೂಲೆ ಇಲ್ಲದಿದ್ದರೆ ಸುಮ್ನೆ ಒಂದು ಭಾಗಾಕಾರದಲ್ಲಿ ಕೆಲಸ ಮುಗಿಯುತ್ತಿತ್ತು.

ಮೂಲೆಯನ್ನು ಬಿಡುವುದು ಒಂದು ತಪ್ಪಾದರೆ ಎರಡು ಸಲ ಎಣಿಸುವುದು ಇನ್ನೊಂದು. ಮೇಲಿನ ಮತ್ತು ಕೆಳಗಿನ ಪಟ್ಟಿಯನ್ನು 16 + 2x ಉದ್ದ ಅಂತ ತೆಗೆದುಕೊಂಡು, ಎಡ ಬಲದ್ದನ್ನೂ 10 + 2x ಅಂತ ತೆಗೆದುಕೊಂಡರೆ ಪ್ರತಿ ಮೂಲೆಯೂ ಎರಡೆರಡು ಪಟ್ಟಿಯಲ್ಲಿ ಸೇರಿಬಿಡುತ್ತದೆ. ಆಗ 4x² ಬದಲು 8x² ಬಂದು, ಅಗಲ ಸುಮಾರು 1.8 ಮೀಟರ್ ಎಂದು ಕಡಿಮೆ ತೋರಿಸುತ್ತದೆ. ಈ ಗೊಂದಲವೇ ಬೇಡ ಅಂದರೆ ಪಟ್ಟಿ ಎಣಿಸುವ ಗೋಜಿಗೆ ಹೋಗದೆ ದೊಡ್ಡ ಆಯತವನ್ನೇ ಒಟ್ಟಿಗೆ ಹಿಡಿಯಿರಿ. ಮುಂದಿನ ಹಂತದಲ್ಲಿ ಮಾಡುವುದು ಅದನ್ನೇ.

4. ಸಮೀಕರಣ ಬರೆದು ಚಿಕ್ಕದು ಮಾಡಿ

ಹೊರಗಿನ ಉದ್ದ ಗುಣಿಸು ಹೊರಗಿನ ಅಗಲ, ಒಟ್ಟು ವಿಸ್ತೀರ್ಣ:

(16 + 2x)(10 + 2x) = 280

ಆವರಣ ಬಿಡಿಸಿ:

160 + 32x + 20x + 4x² = 280

4x² + 52x + 160 = 280

ನೋಡಿ, 160 ತೋಟ, 52x ಪಟ್ಟಿಗಳು, 4x² ಮೂಲೆಗಳು. ಚಿತ್ರದಲ್ಲಿದ್ದದ್ದೇ ಇಲ್ಲಿಯೂ ಇದೆ. ನಿಮ್ಮ ಸಮೀಕರಣದಲ್ಲಿ x ಮುಂದಿನ ಸಂಖ್ಯೆ ತೋಟದ ಸುತ್ತಳತೆಗೆ ಸಮ ಇಲ್ಲದಿದ್ದರೆ ಆವರಣ ಬಿಡಿಸುವಾಗ ಏನೋ ತಪ್ಪಾಗಿದೆ ಅಂತಲೇ ಅರ್ಥ.

280 ಅನ್ನು ಈ ಕಡೆಗೆ ತಂದು, ಎಲ್ಲವನ್ನೂ 4ರಿಂದ ಭಾಗಿಸಿ:

4x² + 52x − 120 = 0

x² + 13x − 30 = 0

ಬಲಗಡೆ ಸೊನ್ನೆ ಬರುವ ಹಾಗೆ ಬರೆಯುವುದಕ್ಕೆ ಆದರ್ಶ ರೂಪ ಅನ್ನುತ್ತಾರೆ. ಕೆಲವರು ಈ ರೂಪಕ್ಕೆ ತರದೆ (16 + 2x)(10 + 2x) = 280 ಇರುವಾಗಲೇ "16 + 2x = 280" ಎಂದು ಬರೆದುಬಿಡುತ್ತಾರೆ. ಎರಡು ಸಂಖ್ಯೆಗಳ ಗುಣಲಬ್ಧ ಸೊನ್ನೆ ಆದರೆ ಮಾತ್ರ ಅವುಗಳಲ್ಲಿ ಒಂದು ಸೊನ್ನೆ ಎಂದು ಹೇಳಬಹುದು. 280ಕ್ಕೆ ಆ ಮಾತು ಹೊಂದುವುದಿಲ್ಲ.

5. ಅಪವರ್ತಿಸಿ

ಅಪವರ್ತಿಸುವುದು ಅಂದರೆ ಮತ್ತೆ ಎರಡು ಆವರಣಗಳ ಗುಣಾಕಾರವಾಗಿ ಒಡೆಯುವುದು. ಗುಣಿಸಿದರೆ −30, ಕೂಡಿದರೆ 13 ಬರುವ ಎರಡು ಸಂಖ್ಯೆ ಬೇಕು. 30 ಅನ್ನು ಹಲವು ರೀತಿ ಒಡೆಯಬಹುದು: 1 × 30, 2 × 15, 3 × 10, 5 × 6. ಅಂದಾಜು ಮಾಡಿಟ್ಟುಕೊಂಡಿದ್ದು ಈಗ ಉಪಯೋಗಕ್ಕೆ ಬರುತ್ತದೆ. ಉತ್ತರ 2.3ಕ್ಕಿಂತ ಸ್ವಲ್ಪ ಕಡಿಮೆ ಅಂತ ಗೊತ್ತಿರುವುದರಿಂದ ಮೊದಲು 2 × 15 ನೋಡಬೇಕು. 15 − 2 = 13. ಸಿಕ್ಕಿತು.

(x + 15)(x − 2) = 0

x = 2 ಅಥವಾ x = −15

6. ಯಾವ ಮೂಲವನ್ನು ಬಿಡಬೇಕು?

ಸಮೀಕರಣವನ್ನು ಸರಿ ಮಾಡುವ ಬೆಲೆಗೆ ಮೂಲ ಎನ್ನುತ್ತಾರೆ. ಇಲ್ಲಿ ಎರಡು ಮೂಲ ಇವೆ. "ಅಗಲ ಋಣ ಸಂಖ್ಯೆ ಆಗುವುದಿಲ್ಲ, ಆದ್ದರಿಂದ x = 2" ಎಂದು ಬರೆದರೆ ಅಂಕ ಸಿಗುತ್ತದೆ. ಆದರೆ ಆ −15 ಯಾಕಾದರೂ ಬಂತು ಅನ್ನುವ ಪ್ರಶ್ನೆ ಹಲವರನ್ನು ಕಾಡುತ್ತದೆ, ಅದಕ್ಕೂ ಉತ್ತರ ಇದೆ. −15 ಅನ್ನು ಹೊರಗಿನ ಅಳತೆಗೆ ಹಾಕಿ:

16 + 2(−15) = −14

10 + 2(−15) = −20

(−14) × (−20) = 280

ಎರಡು ಮೈನಸ್ ಸೇರಿ ಪ್ಲಸ್ ಆಗಿ 280 ಬಂದೇಬಿಟ್ಟಿತು. ಸಮೀಕರಣಕ್ಕೆ ಗೊತ್ತಿರುವುದು ಗುಣಲಬ್ಧ 280 ಆಗಬೇಕು ಅನ್ನುವುದೊಂದೇ. ಉದ್ದ ಅಗಲಗಳು ನೆಲದ ಮೇಲೆ ಅಳೆಯುವಂಥವು ಅಂತ ಅದಕ್ಕೆ ನಾವು ಹೇಳಿಯೇ ಇಲ್ಲ. ಅದನ್ನು ನೋಡಿಕೊಳ್ಳುವ ಕೆಲಸ ನಮ್ಮದು. ಆದ್ದರಿಂದ −15 ಲೆಕ್ಕದ ತಪ್ಪಲ್ಲ. ಹೊರಗಿನ ಬದಿಗಳು ಋಣವಾಗುವುದರಿಂದ ಅದನ್ನು ಬಿಡುತ್ತೇವೆ, ಅಷ್ಟೆ.

ದಾರಿ ಹೊರಗಡೆ ಇದ್ದಾಗ ಒಂದು ಮೂಲ ಧನ, ಇನ್ನೊಂದು ಋಣ ಆಗಿಯೇ ಇರುತ್ತದೆ. ಒಟ್ಟು ವಿಸ್ತೀರ್ಣ ತೋಟಕ್ಕಿಂತ ಜಾಸ್ತಿ ಇರುವುದರಿಂದ ಕೊನೆಯ ಪದ ಯಾವಾಗಲೂ ಮೈನಸ್ ಬರುತ್ತದೆ, ಆ ಕೊನೆಯ ಪದವೇ ಎರಡು ಮೂಲಗಳ ಗುಣಲಬ್ಧ. ಗುಣಲಬ್ಧ ಮೈನಸ್ ಅಂದರೆ ಒಂದು ಪ್ಲಸ್, ಒಂದು ಮೈನಸ್. ಗೊಂದಲಕ್ಕೆ ಜಾಗವೇ ಇಲ್ಲ.

7. ತಾಳೆ ನೋಡಿ

ತಾಳೆ ನೋಡುವಾಗ ಸಮೀಕರಣಕ್ಕೆ ಹಾಕಿ ನೋಡಿದರೆ ಸಾಲದು. ಸಮೀಕರಣವೇ ತಪ್ಪಿದ್ದರೆ ಅದು ತಪ್ಪು ಉತ್ತರಕ್ಕೂ ತಲೆಯಾಡಿಸುತ್ತದೆ, ಎರಡನೇ ಹಂತದಲ್ಲಿ 4 ಬಂದಾಗ ನೋಡಿದಿರಲ್ಲ. ಚಿತ್ರದ ತುಂಡುಗಳನ್ನೇ ಕೂಡಿಸಿ. ದಾರಿ 2 ಮೀಟರ್ ಆದರೆ ಮೇಲೆ ಕೆಳಗಿನ ಪಟ್ಟಿಗಳು 2 × 16 × 2 = 64. ಎಡ ಬಲದ ಪಟ್ಟಿಗಳು 2 × 10 × 2 = 40. ನಾಲ್ಕು ಮೂಲೆಗಳು 4 × 2 × 2 = 16. ಒಟ್ಟು 120. ತೋಟದ 160 ಸೇರಿಸಿದರೆ 280. ದಾರಿಯ ಅಗಲ 2 ಮೀಟರ್.

ದಾರಿ ಒಳಗಡೆ ಇದ್ದರೆ

ಕೆಲವು ಪ್ರಶ್ನೆಗಳಲ್ಲಿ ದಾರಿಯನ್ನು ಬೇಲಿಯ ಒಳಗೆ ಕೊಟ್ಟಿರುತ್ತಾರೆ. ಇದೇ ಜಾಗವನ್ನು ತಿರುಗಿಸಿ ಕೇಳೋಣ: 20 ಮೀಟರ್ ಉದ್ದ, 14 ಮೀಟರ್ ಅಗಲದ ಜಾಗ ಇದೆ. ಅಂಚಿನುದ್ದಕ್ಕೂ ಒಳಗಡೆ ಒಂದೇ ಅಗಲದ ದಾರಿ ಬಿಟ್ಟ ಮೇಲೆ ಗಿಡ ಹಾಕಲು 160 ಚದರ ಮೀಟರ್ ಉಳಿಯುತ್ತದೆ. ದಾರಿಯ ಅಗಲ ಎಷ್ಟು?

ಈಗ ಒಳಗಿನ ಆಯತ ಗೊತ್ತಿಲ್ಲ. ಹಾಗಾಗಿ ಕೂಡಿಸುವ ಬದಲು ಕಳೆಯಬೇಕು:

(20 − 2x)(14 − 2x) = 160

4x² − 68x + 280 = 160

x² − 17x + 30 = 0

(x − 2)(x − 15) = 0

x = 2 ಅಥವಾ x = 15. ಎರಡೂ ಧನ! "ಮೈನಸ್ ಇರುವುದನ್ನು ಬಿಡು" ಅಂತ ಬಾಯಿಪಾಠ ಮಾಡಿದವರು ಇಲ್ಲಿ ಎರಡನ್ನೂ ಉತ್ತರ ಅಂತ ಬರೆದು ಬರುತ್ತಾರೆ. ಆದರೆ ಜಾಗದ ಅಗಲವೇ 14 ಮೀಟರ್. ಎರಡೂ ಕಡೆ ಹದಿನೈದು ಹದಿನೈದು ಮೀಟರ್ ದಾರಿ ಬಿಡಲು 30 ಮೀಟರ್ ಬೇಕು. ಅಷ್ಟು ಜಾಗ ಎಲ್ಲಿದೆ? ಒಳಗಿನ ದಾರಿಯ ಅಗಲ ಯಾವಾಗಲೂ ಚಿಕ್ಕ ಬದಿಯ ಅರ್ಧಕ್ಕಿಂತ ಕಡಿಮೆ ಇರಬೇಕು, ಇಲ್ಲಿ 7ಕ್ಕಿಂತ ಕಡಿಮೆ. ಹಾಗಾಗಿ 15 ಹೊರಗೆ, 2 ಉತ್ತರ.

ಧನ ಮೂಲವನ್ನೂ ಸಂದರ್ಭ ನೋಡಿ ಬಿಡುವ ಈ ಪದ್ಧತಿ ಹಳೆಯದು. 1150ರ ಸುಮಾರಿಗೆ ಭಾಸ್ಕರಾಚಾರ್ಯರು ಬರೆದ ಬೀಜಗಣಿತದಲ್ಲಿ ಒಂದು ಕೋತಿಗಳ ಲೆಕ್ಕ ಬರುತ್ತದೆ. ಹಿಂಡಿನ ಐದನೇ ಒಂದು ಭಾಗದಲ್ಲಿ ಮೂರು ಕಳೆದು, ಅದರ ವರ್ಗದಷ್ಟು ಕೋತಿಗಳು ಗುಹೆಗೆ ಹೋದವು, ಒಂದು ಮಾತ್ರ ಹೊರಗೆ ಕಾಣಿಸಿತು, ಹಿಂಡಿನಲ್ಲಿ ಎಷ್ಟಿದ್ದವು ಅಂತ. 50 ಮತ್ತು 5 ಎಂದು ಎರಡು ಉತ್ತರ ಬರುತ್ತವೆ. ಐದರ ಐದನೇ ಒಂದು ಭಾಗ 1, ಅದರಲ್ಲಿ 3 ಕಳೆದರೆ ಮೈನಸ್. ಆದ್ದರಿಂದ 5 ಅನ್ನು ಒಪ್ಪಬಾರದು ಎಂದು ಅವರು ಹೇಳುತ್ತಾರೆ. ನಮ್ಮ 15 ಹೊರಗೆ ಹೋಗಿದ್ದೂ ಇದೇ ಕಾರಣಕ್ಕೆ: ಅದೇ ಧನ ಸಂಖ್ಯೆಯಾದರೂ ಒಳಗಿನ ಬದಿಗಳನ್ನು ಋಣ ಮಾಡುತ್ತದೆ.

ಉತ್ತರ ಪೂರ್ಣಸಂಖ್ಯೆ ಬರದಿದ್ದರೆ

ಪಠ್ಯದ ಲೆಕ್ಕಗಳನ್ನು ಉತ್ತರ ಚೊಕ್ಕವಾಗಿ ಬರುವಂತೆ ಮಾಡಿರುತ್ತಾರೆ. ಮನೆಯ ತೋಟ ಹಾಗಿರುವುದಿಲ್ಲ. ಒಂದು ಉದಾಹರಣೆ: ಹೂದೋಟ 24 ಅಡಿ ಉದ್ದ, 18 ಅಡಿ ಅಗಲ. ನಿಮ್ಮ ಹತ್ತಿರ ಒಂದಡಿ ಚೌಕದ 200 ಟೈಲ್ಸ್ ಇವೆ, ಅಂದರೆ 200 ಚದರ ಅಡಿ. ಹೊರಗಡೆ ಸುತ್ತಲೂ ಎಷ್ಟು ಅಗಲದ ದಾರಿ ಮಾಡಬಹುದು?

ಮೊದಲು ಅಂದಾಜು. ಸುತ್ತಳತೆ 84 ಅಡಿ. 200 ÷ 84 ಸುಮಾರು 2.4. ಉತ್ತರ ಅದಕ್ಕಿಂತ ಕಡಿಮೆ. ಪಟ್ಟಿಗಳು ಮತ್ತು ಮೂಲೆಗಳು ಸೇರಿ 200 ಆಗಬೇಕು:

4x² + 84x = 200

4ರಿಂದ ಭಾಗಿಸಿದರೆ x² + 21x − 50 = 0. ಗುಣಿಸಿದರೆ −50, ಕೂಡಿದರೆ 21 ಬರುವ ಪೂರ್ಣಸಂಖ್ಯೆಗಳು ಹುಡುಕಿದರೂ ಸಿಗುವುದಿಲ್ಲ. ಆಗ ವರ್ಗ ಪೂರ್ಣಗೊಳಿಸುವ ವಿಧಾನ ಹಿಡಿಯಬೇಕು. ಅಂದರೆ ಎಡಗಡೆ ಒಂದು ಸಂಖ್ಯೆ ಸೇರಿಸಿ ಅದನ್ನು ಪೂರ್ತಿ ಒಂದು ವರ್ಗವನ್ನಾಗಿ ಮಾಡುವುದು. ಇದಕ್ಕೆ 4ರಿಂದ ಭಾಗಿಸುವ ಮೊದಲಿನ ಸಾಲೇ ಅನುಕೂಲ. 4x² ಅನ್ನುವುದು (2x)². 84x ಅನ್ನುವುದು 2 × 2x × 21. ಹಾಗಾದರೆ 21² = 441 ಸೇರಿಸಿದರೆ ವರ್ಗ ಪೂರ್ತಿಯಾಗುತ್ತದೆ. ಎರಡೂ ಕಡೆ ಸೇರಿಸಿ:

4x² + 84x + 441 = 641

(2x + 21)² = 641

2x + 21 = √641 ≈ 25.32

x ≈ 2.16

x² + 21x = 50 ಅನ್ನು 4ರಿಂದ ಗುಣಿಸಿ, x ಮುಂದಿನ ಸಂಖ್ಯೆಯ ವರ್ಗವನ್ನು ಎರಡೂ ಕಡೆ ಕೂಡಿಸಿದರೂ ಇದೇ ಸಾಲು ಬರುತ್ತದೆ. ಇದು ಶ್ರೀಧರಾಚಾರ್ಯರ ಸೂತ್ರ, ಭಾಸ್ಕರಾಚಾರ್ಯರು ಅದನ್ನು ಅವರ ಹೆಸರಿನಲ್ಲೇ ಉದಾಹರಿಸಿದ್ದಾರೆ. ಮಧ್ಯದಲ್ಲಿ ಭಿನ್ನರಾಶಿ ಬರುವುದಿಲ್ಲ ಅನ್ನುವುದು ಇದರ ಲಾಭ. √641ಕ್ಕೆ ಮೈನಸ್ ಬೆಲೆಯೂ ಇದೆ, ಅದನ್ನು ಹಿಡಿದರೆ x ಋಣವಾಗುತ್ತದೆ. ಬಿಡಿ.

ಈಗ 2.16 ಅಡಿ ಅಂದರೆ ಎಷ್ಟು? 2 ಅಡಿ 16 ಇಂಚು ಅಲ್ಲವೇ ಅಲ್ಲ. 0.16 ಅನ್ನು 12ರಿಂದ ಗುಣಿಸಬೇಕು, ಸುಮಾರು 1.9 ಇಂಚು. ಅಂದರೆ 2 ಅಡಿ 2 ಇಂಚಿಗೆ ಕೂದಲೆಳೆಯಷ್ಟು ಕಡಿಮೆ.

ಹಾಗಾದರೆ 2 ಅಡಿ 2 ಇಂಚು ಅಂತ ಮೇಸ್ತ್ರಿಗೆ ಹೇಳಿಬಿಡೋಣವೇ? ಬೇಡ. ಆ ಅಳತೆಗೆ ದಾರಿಯ ವಿಸ್ತೀರ್ಣ 200.8 ಚದರ ಅಡಿ ಆಗುತ್ತದೆ. ನಿಮ್ಮ ಹತ್ತಿರ ಇರುವುದು 200. ಸಾಮಾನು ಇಷ್ಟೇ ಇದೆ ಅಂತ ಗೊತ್ತಿರುವಾಗ ಉತ್ತರವನ್ನು ಹತ್ತಿರದ ಸಂಖ್ಯೆಗೆ ತರುವುದಲ್ಲ, ಕೆಳಕ್ಕೇ ಇಳಿಸಬೇಕು. ಅದೂ ಅಲ್ಲದೆ ಒಂದಡಿಯ ಟೈಲ್ಸಿನಲ್ಲಿ ಆ ಎರಡು ಇಂಚಿಗಾಗಿ ಸುತ್ತಲೂ ಸಣ್ಣ ಪಟ್ಟಿ ಕತ್ತರಿಸಿ ಕೂರಿಸಬೇಕು. ಕತ್ತರಿಸುವಾಗ ಒಡೆಯುವುದೇ ಜಾಸ್ತಿ.

ಸರಿಯಾಗಿ 2 ಅಡಿ ಇಟ್ಟರೆ ಹೊರಗಿನ ಅಳತೆ 28 ಅಡಿ, 22 ಅಡಿ. ಒಟ್ಟು 616 ಚದರ ಅಡಿ, ಅದರಲ್ಲಿ ತೋಟದ 432 ಕಳೆದರೆ ದಾರಿ 184. ಸಂದು ಬಿಡದೆ ಒತ್ತಿ ಜೋಡಿಸಿದರೆ ಒಂದನ್ನೂ ಕತ್ತರಿಸದೆ ಎರಡು ಸಾಲಿನಲ್ಲಿ 184 ಟೈಲ್ಸ್ ಸುತ್ತ ಕೂರುತ್ತವೆ. ಮಿಕ್ಕ 16 ಅನ್ನು ಒಡೆದುಹೋದರೆ ಬೇಕಾಗುತ್ತದೆ ಅಂತ ಎತ್ತಿಡಿ.